ಐದು ತಿಂಗಳಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಯಾರಿಗೆ ತೋರಿಸಬೇಕು?

ಸೀಮೆಸುಣ್ಣ (ರಾತ್ರಿ 1.52)

ಟೈಮ್ ನೋಡಿದರೆ ಗೊತ್ತಾಗುತ್ತದೆ, ಇವತ್ತೂ ಅದೇ ಕಥೆ. ನನಗೆ 41 ವರ್ಷ, ತುಮಕೂರಿನ ಕಡೆ ಟೀಚರ್. ದಸರಾ ರಜೆ ಮುಗಿದಾಗಿನಿಂದ ಶುರುವಾಯಿತು, ಐದು ತಿಂಗಳಾಯಿತು. 9.30ಕ್ಕೆ ದೀಪ ಆರಿಸಿ ಮಲಗುತ್ತೇನೆ. ನಿದ್ದೆ ಹತ್ತುವಾಗ ಒಂದು ಗಂಟೆ. ಒಮ್ಮೊಮ್ಮೆ ಎರಡು. ಬೆಳಿಗ್ಗೆ ಆರಕ್ಕೆ ಏಳಲೇಬೇಕು. ಹಿಂದೆ 10.30ಕ್ಕೆ ಮಲಗುತ್ತಿದ್ದೆ. ನಿದ್ದೆ ಸಾಲುತ್ತಿಲ್ಲವಲ್ಲ ಅಂತ ಒಂದು ಗಂಟೆ ಬೇಗ ಮಲಗಲು ಶುರು ಮಾಡಿದೆ. ಅದರಿಂದ ಏನೂ ಉಪಯೋಗ ಆಗಿಲ್ಲ.

ಚಿಂತೆ ಅಂತ ದೊಡ್ಡದೇನೂ ಇಲ್ಲ. ಮೊಬೈಲ್ ಹಾಲ್‌ನಲ್ಲೇ ಇಡುತ್ತೇನೆ (ಇವತ್ತು ಬಿಟ್ಟು!). ಹಾಲು, ಗಸಗಸೆ ಪಾಯಸ, ಅಂಗಾಲಿಗೆ ಎಣ್ಣೆ ಎಲ್ಲ ಆಯಿತು. ಕಾಲು ಒತ್ತಿಸಿಕೊಂಡರೆ ಮಾತ್ರ ಸ್ವಲ್ಪ ಹಾಯೆನಿಸುತ್ತದೆ. ಮೆಡಿಕಲ್ ಶಾಪಿನವರು ಒಂದು ಹಳದಿ ಮಾತ್ರೆ ಕೊಟ್ಟರು, ನೆಗಡಿ-ಅಲರ್ಜಿಯದ್ದೇ, ಮಂಪರು ಬರುತ್ತದೆ ಅಂದರು. ಹದಿನೈದು ದಿನದಿಂದ ತಗೊಳ್ತಿದ್ದೇನೆ. ಮಂಪರು ಬರುವುದು ಬೆಳಿಗ್ಗೆ, ಕ್ಲಾಸಿನಲ್ಲಿ. ಮೊನ್ನೆ ಏಳನೇ ತರಗತಿಗೆ ಎಂಟರ ಪಾಠ ಅರ್ಧ ಮಾಡಿಬಿಟ್ಟಿದ್ದೆ. ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಿದ್ದರು, ಪಾಪ.

ಇದಕ್ಕೆ ಡಾಕ್ಟರ ಹತ್ತಿರ ಹೋಗಬೇಕಾ? ಹೋದರೆ ಯಾರ ಹತ್ತಿರ?

ಡಿಕಾಕ್ಷನ್ ಮೂರ್ತಿ (ಬೆಳಿಗ್ಗೆ 6.10)

ಮೇಡಂ, ದಿನಕ್ಕೆ ಎಷ್ಟು ಕಾಫಿ ಅಂತ ಬರೆದೇ ಇಲ್ಲ ನೀವು! ನನಗೂ ಇದೇ ಆಗಿತ್ತು. ಸಂಜೆ ಕಾಫಿ ನಿಲ್ಲಿಸಿದೆ, ವಾರದಲ್ಲಿ ಸರಿಹೋಯಿತು. ಇದಕ್ಕೆಲ್ಲ ಡಾಕ್ಟರ್ ಬೇಡ. ಕಾಫಿ ಬಿಡಿ, ಎಂಟೂವರೆಗೆ ಊಟ ಮುಗಿಸಿ, ಒಂಬತ್ತಕ್ಕೆ ಮಲಗಿಬಿಡಿ. ಕಣ್ಣು ಮುಚ್ಚಿಕೊಂಡು ಅಲ್ಲಾಡದೆ ಮಲಗಿದ್ದರೆ ನಿದ್ದೆ ತಾನಾಗಿ ಬರುತ್ತದೆ. ಬರದಿದ್ದರೂ ದೇಹಕ್ಕೆ ವಿಶ್ರಾಂತಿ ಸಿಗುತ್ತದಲ್ಲ.

ರಾತ್ರಿಪಾಳಿ (ಬೆಳಿಗ್ಗೆ 6.45)

ನಾನು ಈಗ ಮಲಗಲು ಹೊರಟವನು, ಹಾಗಾಗಿ ಹೇಳುವ ಹಕ್ಕಿದೆ. ಬೆಂಗಳೂರಲ್ಲಿ ಆರು ವರ್ಷ ಅಮೆರಿಕದ ಟೈಮಿಗೆ ಕೆಲಸ ಮಾಡಿದೆ. ಈಗ ಪಾಳಿ ಬದಲಾಗಿದೆ, ಆದರೂ ಮೂರು ಗಂಟೆಗೆ ಮುಂಚೆ ಕಣ್ಣು ಮುಚ್ಚುವುದಿಲ್ಲ. ನಮ್ಮದೆಲ್ಲ ಒಂದೇ ರೋಗ ಅನಿಸುತ್ತದೆ, ಇನ್ಸೋಮ್ನಿಯಾ. ಒಗ್ಗಿಕೊಳ್ಳಬೇಕು ಅಷ್ಟೇ.

ಹುಬ್ಬಳ್ಳಿ ಮಂದಿ (ಬೆಳಿಗ್ಗೆ 7.30)

ನಮ್ಮಪ್ಪಗೂ ಇದೇ ತೊಂದರೆ. ರಾತ್ರಿ ಎಂಟೂವರೆಗೆ ಟಿವಿ ಮುಂದೇ ಮಲಗಿಬಿಡತಾರ, ಮೂರಕ್ಕ ಎಚ್ಚರ. ಆಮೇಲೆ ಮನೆಮಂದಿಯನ್ನೆಲ್ಲ ಎಬ್ಬಿಸತಾರ. ಏನು ಮಾಡಬೇಕ್ರಿ?

ತಾಲೂಕು ಡಾಕ್ಟರ್ (ಮಧ್ಯಾಹ್ನ 2.20)

ಓಪಿಡಿ ಮುಗಿಸಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ನಿದ್ರೆಯ ಸ್ಪೆಷಲಿಸ್ಟ್ ಅಲ್ಲ, ಸಾಮಾನ್ಯ ವೈದ್ಯ. ಇಲ್ಲಿ ಓದಿ ಯಾರಿಗೂ ರೋಗ ಹೆಸರಿಸುವುದಕ್ಕೆ ಆಗುವುದಿಲ್ಲ. ಆದರೆ ಸೀಮೆಸುಣ್ಣ ಅವರ ಬರಹದಲ್ಲಿ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು.

ಮೊದಲು ಅವರು ಕೇಳಿದ ಪ್ರಶ್ನೆ. ಮಲಗಲು ಸಮಯ, ಜಾಗ ಎಲ್ಲ ಇದ್ದೂ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಹತ್ತುವುದಿಲ್ಲ, ಹೀಗೆ ಮೂರು ತಿಂಗಳಾಗಿದೆ, ಹಗಲಿನ ಕೆಲಸ ಕೆಡುತ್ತಿದೆ ಅಂದರೆ ತೋರಿಸಿಕೊಳ್ಳಬೇಕು. ಏಳಕ್ಕೆ ಎಂಟರ ಪಾಠ ಮಾಡಿದ್ದು ಈ ಲೆಕ್ಕಕ್ಕೆ ಸೇರುತ್ತದೆ. ಹತ್ತಿರದ ಎಂಬಿಬಿಎಸ್ ಅಥವಾ ಎಂಡಿ ಡಾಕ್ಟರ್ ಸಾಕು, ಮೊದಲ ದಿನವೇ ದೊಡ್ಡ ಆಸ್ಪತ್ರೆಗೆ ಓಡಬೇಕಾಗಿಲ್ಲ. ರಾತ್ರಿಯಿಡೀ ತಲೆಗೆ ವೈರ್ ಅಂಟಿಸಿ ಮಾಡುವ ನಿದ್ರೆ ಪರೀಕ್ಷೆಯೂ ಎಲ್ಲರಿಗೂ ಬೇಡ. ಜೋರು ಗೊರಕೆ, ಮಧ್ಯೆ ಉಸಿರು ಕಟ್ಟುವುದು, ಬೆಳಿಗ್ಗೆ ತಲೆನೋವು ಇದ್ದರೆ ಅದು ಬೇಕಾಗುತ್ತದೆ.

ಮೂರು ತಿಂಗಳು ಕಾಯಬಾರದ ಕೆಲವು ಸಂದರ್ಭಗಳಿವೆ. ಗಾಡಿ ಓಡಿಸುವಾಗ ತೂಕಡಿಕೆ ಬಂದರೆ. ಬದುಕೇ ಬೇಡ ಅನಿಸುತ್ತಿದ್ದರೆ. ಇನ್ನೊಂದನ್ನು ಮನೆಯವರು ಗಮನಿಸಬೇಕು: ಎರಡು ಮೂರು ಗಂಟೆ ಮಲಗಿಯೂ ಸುಸ್ತೇ ಇಲ್ಲ, ಮಾತು ಜಾಸ್ತಿ, ಖರ್ಚು ಜಾಸ್ತಿ, ಹುಮ್ಮಸ್ಸು ಜಾಸ್ತಿ. ಅದು ನಿದ್ದೆ ಬಾರದ ಕಾಯಿಲೆಯಲ್ಲ, ಮನೋವೈದ್ಯರಿಗೆ ಬೇಗ ತೋರಿಸಬೇಕಾದ ಬೇರೆಯೇ ವಿಷಯ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ಆ ಎರಡು ಸಾಲು. ಒಂದು, "ಕಾಲು ಒತ್ತಿಸಿಕೊಂಡರೆ ಹಾಯ್". ಇನ್ನೊಂದು, ಅಲರ್ಜಿ ಮಾತ್ರೆ. ಮೇಡಂ, ಮಲಗಿದ ಮೇಲೆ ಕಾಲಿನಲ್ಲಿ ಏನಾಗುತ್ತದೆ? ನಿಮ್ಮ ಮಾತಿನಲ್ಲೇ ಹೇಳಿ. ದಿನಕ್ಕೆ ಎಷ್ಟು ಕಾಫಿ, ಕೊನೆಯದು ಎಷ್ಟು ಗಂಟೆಗೆ, ಅದನ್ನೂ ಹೇಳಿ. ಮೂರ್ತಿಯವರ ಆ ಪ್ರಶ್ನೆ ಸರಿಯಾಗಿಯೇ ಇದೆ.

ಸೀಮೆಸುಣ್ಣ (ಸಂಜೆ 5.40)

ಸರ್, ಕಾಲಿನ ವಿಷಯ ಹೇಳಬೇಕು ಅಂತಲೇ ಅನಿಸಿರಲಿಲ್ಲ. ನೋವಲ್ಲ. ಮೀನಖಂಡದ ಒಳಗೆ ಇರುವೆ ಸಾಲು ಹರಿದ ಹಾಗೆ, ಅಥವಾ ಒಳಗಿನಿಂದ ಯಾರೋ ದಾರ ಎಳೆದ ಹಾಗೆ. ಕಾಲು ಆಡಿಸಲೇಬೇಕು ಅನಿಸುತ್ತದೆ. ಆಡಿಸಿದರೆ ಒಂದು ಕ್ಷಣ ಸರಿ, ನಿಲ್ಲಿಸಿದರೆ ಮತ್ತೆ ಅದೇ. ಎದ್ದು ಅಡುಗೆಮನೆ ತನಕ ನಡೆದು ಬಂದರೆ ಇರುವುದೇ ಇಲ್ಲ. ಹಗಲು ಪಾಠ ಮಾಡುವಾಗ ಏನೂ ಇಲ್ಲ. ಸಂಜೆ ಸ್ಟಾಫ್ ಮೀಟಿಂಗ್‌ನಲ್ಲಿ ಒಂದು ಗಂಟೆ ಕೂತರೆ ಶುರು. ನಮ್ಮ ಅಮ್ಮನಿಗೂ ಹೀಗೇ ಇತ್ತು, ರಾತ್ರಿ ಕಾಲಿಗೆ ಸೀರೆ ಬಿಗಿದು ಕಟ್ಟಿಕೊಂಡು ಮಲಗುತ್ತಿದ್ದರು. ನಾನು ಸುಸ್ತಿಗೆ ಹೀಗಾಗುತ್ತದೆ ಅಂದುಕೊಂಡಿದ್ದೆ.

ಆ ಹಳದಿ ಮಾತ್ರೆ ಶುರು ಮಾಡಿದ ಮೇಲೆ ಕಾಲಿನ ಕಾಟ ಜಾಸ್ತಿಯೇ ಆಗಿದೆ. ಈಗ ಬರೆಯುವಾಗ ಹೊಳೆಯಿತು.

ಕಾಫಿ ನಾಲ್ಕು ಲೋಟ. ಕೊನೆಯದು ಸಂಜೆ 6.30ಕ್ಕೆ, ಮನೆಯವರು ಬಂದ ಮೇಲೆ.

ತಾಲೂಕು ಡಾಕ್ಟರ್ (ರಾತ್ರಿ 8.55)

ಇದನ್ನು ನಿಮ್ಮ ಡಾಕ್ಟರಿಗೆ ಹೀಗೇ, ಇರುವೆ ಸಾಲು ಸಮೇತ ಹೇಳಿ. ಸುಮ್ಮನಿದ್ದಾಗ ಶುರುವಾಗುವುದು, ನಡೆದರೆ ಹೋಗುವುದು, ಸಂಜೆ-ರಾತ್ರಿಗೆ ಹೆಚ್ಚುವುದು, ಆಡಿಸದೆ ಇರಲಾಗದ ಒತ್ತಡ. ನಾಲ್ಕೂ ಇವೆ. ರೆಸ್ಟ್‌ಲೆಸ್ ಲೆಗ್ಸ್ ಅಂತ ಕರೆಯುತ್ತೇವೆ, ಮನೆತನದಲ್ಲಿ ಬರುವುದೂ ಉಂಟು. ಮೀನಖಂಡ ಗಂಟು ಕಟ್ಟಿ ಹಿಡಿದುಕೊಳ್ಳುವುದು ಬೇರೆ. ಸಕ್ಕರೆ ಕಾಯಿಲೆಯವರಿಗೆ ಪಾದ ಉರಿಯುವುದೂ ಬೇರೆ, ಅದು ನಡೆದರೆ ಹೋಗುವುದಿಲ್ಲ.

ಮಂಪರು ತರಿಸುವ ಹಳೆಯ ಅಲರ್ಜಿ ಮಾತ್ರೆಗಳು ಈ ಕಾಲಿನ ಕಾಟವನ್ನು ಕೆದಕುತ್ತವೆ. ನಿದ್ದೆಗೆ ಅಂತ ನುಂಗಿದ್ದೇ ನಿದ್ದೆ ಕೆಡಿಸುತ್ತಿರಬಹುದು. ವಾಂತಿಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆ ಮಾಡುತ್ತವೆ. ಡಾಕ್ಟರ್ ಬರೆದುಕೊಟ್ಟಿದ್ದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಜೊತೆಗೆ ಫೆರಿಟಿನ್ ಕೂಡ ಮಾಡಿಸಿ ಅಂತ ಕೇಳಿ. ದೇಹದ ಕಣಜದಲ್ಲಿ ಎಷ್ಟು ಕಬ್ಬಿಣಾಂಶ ಕೂಡಿಟ್ಟಿದೆ ಅಂತ ಫೆರಿಟಿನ್ ತೋರಿಸುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದೂ ಕಣಜ ಖಾಲಿ ಇರಬಹುದು. ಲ್ಯಾಬಿನವರು 15 ಬಂದರೂ "ನಾರ್ಮಲ್" ಅಂತ ಮುದ್ರಿಸಬಹುದು, ಆದರೆ ಕಾಲಿನ ಈ ತೊಂದರೆಯಲ್ಲಿ 75ಕ್ಕಿಂತ ಕಡಿಮೆ ಇದ್ದರೇ ಕಬ್ಬಿಣ ಕೊಡುವ ಯೋಚನೆ ಮಾಡುತ್ತೇವೆ. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ತಗೊಳ್ಳಬೇಡಿ, ದೇಹದಲ್ಲಿ ಜಾಸ್ತಿಯಾದರೂ ಕೆಟ್ಟದ್ದೇ.

ಮೂರ್ತಿಯವರೇ, ಕಾಫಿ ವಿಷಯದಲ್ಲಿ ನಿಮಗೆ ಪೂರ್ತಿ ಅಂಕ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. 6.30ರ ಕಾಫಿಯ ಅರ್ಧ ರಾತ್ರಿ 11.30ಕ್ಕೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಊಟದ ನಂತರ ಬೇಡ. ಆದರೆ "ಒಂಬತ್ತಕ್ಕೆ ಮಲಗಿ, ಅಲ್ಲಾಡದೆ ಕಾಯಿರಿ" ಅಂದಿರಲ್ಲ, ಅಲ್ಲಿ ಎಡವಿದಿರಿ. ಎಷ್ಟೋ ಮನೆಗಳಲ್ಲಿ ನಾಲ್ಕು ವಾರದ ತೊಂದರೆ ನಾಲ್ಕು ವರ್ಷದ್ದಾಗುವುದು ಹೀಗೇ. ನಿದ್ದೆ ಬಾರದೆ ಹಾಸಿಗೆಯಲ್ಲಿ ಹೊರಳಾಡುತ್ತಾ ಹೋದಂತೆ ಹಾಸಿಗೆ ಅಂದರೆ ಎಚ್ಚರ ಅಂತ ಮೈ ಕಲಿತುಬಿಡುತ್ತದೆ. ಸೋಫಾದಲ್ಲಿ ತೂಕಡಿಸುವವರು ಹಾಸಿಗೆಗೆ ಬಂದ ಕೂಡಲೇ ಕಣ್ಣು ಬಿಡುತ್ತಾರೆ, ನೋಡಿಲ್ಲವೇ?

ಹುಬ್ಬಳ್ಳಿಯವರೇ, ನಿಮ್ಮ ತಂದೆಯವರದ್ದು ಇದಲ್ಲ. ಎಂಟೂವರೆಯಿಂದ ಮೂರು ಅಂದರೆ ಆರೂವರೆ ಗಂಟೆ, ಅವರ ವಯಸ್ಸಿಗೆ ಕಡಿಮೆಯೇನಲ್ಲ. ಟಿವಿ ಮುಂದೆ ಮಲಗಲು ಬಿಡಬೇಡಿ, ಸಂಜೆ ಬೆಳಕಲ್ಲಿ ಒಂದು ಸುತ್ತು ಹಾಕಿಸಿ. ಮೂತ್ರಕ್ಕೆ ಏಳುತ್ತಾರಾ, ಮನಸ್ಸು ಕುಗ್ಗಿದೆಯಾ, ಅದನ್ನೂ ನೋಡಿ.

ರಾತ್ರಿಪಾಳಿ (ರಾತ್ರಿ 11.30)

ನನ್ನದು?

ತಾಲೂಕು ಡಾಕ್ಟರ್ (ಮರುದಿನ, ಮಧ್ಯಾಹ್ನ 1.50)

ರಜೆಯಲ್ಲಿ ಯಾರೂ ಎಬ್ಬಿಸದಿದ್ದರೆ ಹೇಗೆ ಮಲಗುತ್ತೀರಿ?

ರಾತ್ರಿಪಾಳಿ (ಮಧ್ಯಾಹ್ನ 3.05)

ಮೂರಕ್ಕೆ ಮಲಗಿದರೆ ಹನ್ನೊಂದಕ್ಕೇ ಏಳುವುದು. ಕಲ್ಲು ಬಂಡೆ.

ತಾಲೂಕು ಡಾಕ್ಟರ್ (ರಾತ್ರಿ 9.10)

ಹಾಗಾದರೆ ನಿಮ್ಮ ನಿದ್ದೆ ಚೆನ್ನಾಗಿಯೇ ಇದೆ, ಒಳಗಿನ ಗಡಿಯಾರ ಹಿಂದೆ ಬಿದ್ದಿದೆ. ನಿದ್ದೆ ಮಾತ್ರೆ ಇದಕ್ಕಲ್ಲ. ದಿನಾ ಒಂದೇ ಹೊತ್ತಿಗೆ ಎದ್ದು ಅರ್ಧ ಗಂಟೆ ಬಿಸಿಲಿಗೆ ಮೈ ಒಡ್ಡಿ, ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಬೇಗ ಏಳುತ್ತಾ ಬನ್ನಿ. ಭಾನುವಾರ ಹನ್ನೊಂದರ ತನಕ ಮಲಗಿದರೆ ವಾರವಿಡೀ ಮಾಡಿದ್ದು ನೀರಲ್ಲಿ ಹೋಮ.

ರಾತ್ರಿಪಾಳಿ (ರಾತ್ರಿ 11.58)

ಭಾನುವಾರ ಬಿಟ್ಟು ಬೇರೆ ಏನಾದರೂ ಕೇಳಿ ಸರ್, ಕೊಡುತ್ತೇನೆ.

ಬಯಲುಸೀಮೆ ಬಸ್ಯಾ (ಮರುದಿನ)

ಇಷ್ಟೆಲ್ಲ ತಲೆಬಿಸಿ ಯಾಕೆ? ನಾನು ಆಲ್ಪ್ರಜೋಲಾಮ್ 0.25 ನಾಲ್ಕು ವರ್ಷದಿಂದ ತಗೊಳ್ತೀನಿ. ಅಂಗಡಿ ಮುಚ್ಚಿ ಬಂದು ಮಾತ್ರೆ ಹಾಕಿಕೊಂಡರೆ ಹತ್ತು ನಿಮಿಷಕ್ಕೆ ನಿದ್ದೆ. ಈಗೀಗ 0.5 ಬೇಕಾಗುತ್ತದೆ, ಅಷ್ಟೇ. ನಮ್ಮ ಕಡೆ ಚೀಟಿ ಇಲ್ಲದೆಯೂ ಸಿಗುತ್ತದೆ.

ತಾಲೂಕು ಡಾಕ್ಟರ್

"ಈಗೀಗ 0.5 ಬೇಕಾಗುತ್ತದೆ" ಅನ್ನುವುದನ್ನೇ ನೀವು ಇನ್ನೊಮ್ಮೆ ಓದಿಕೊಳ್ಳಿ. ದೇಹ ಅದಕ್ಕೆ ಒಗ್ಗಿಕೊಂಡಿದೆ. ಹಾಗಂತ ನಾಳೆಯಿಂದಲೇ ನಿಲ್ಲಿಸಲು ಹೋಗಬೇಡಿ. ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಡಾಕ್ಟರ ಜೊತೆ ಕೂತು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತಾ ಬರಬೇಕು. ಅದರ ಜೊತೆ ಗುಂಡು ಹಾಕುವ ಅಭ್ಯಾಸ ಇದ್ದರೆ ಅದನ್ನು ಮೊದಲು ನಿಲ್ಲಿಸಿ, ಎರಡೂ ಸೇರಿದರೆ ಉಸಿರೇ ಕುಗ್ಗುತ್ತದೆ. ಅದೂ ದಿನಾ ಕುಡಿಯುವವರಾದರೆ ಡಾಕ್ಟರಿಗೆ ಹೇಳಿಯೇ ನಿಲ್ಲಿಸಿ.

ಬಯಲುಸೀಮೆ ಬಸ್ಯಾ

ಡಾಕ್ಟ್ರೇ, ನೀವು ಹೇಳೋದು ಪುಸ್ತಕದ ಪ್ರಕಾರ ಸರಿ ಇರಬಹುದು. ಮಾತ್ರೆ ಇಲ್ಲದಿದ್ದರೆ ನಾನು ಆ ವರ್ಷ ಅಂಗಡಿಯನ್ನೇ ಮುಚ್ಚಬೇಕಾಗುತ್ತಿತ್ತು. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಶಾಂತಕ್ಕ ಧಾರವಾಡ

ಬಸ್ಯಾ ತಮ್ಮ, ಆ ವರ್ಷಕ್ಕೆ ಬೇಕಾಗಿತ್ತು, ತಗೊಂಡಿ. ಈ ವರ್ಷಕ್ಕೂ ಬೇಕೋ ಬ್ಯಾಡೋ ಅಂತ ಯಾರಾದರೂ ನೋಡಿದ್ದಾರಾ? ನಾನು ಕೌನ್ಸೆಲಿಂಗ್ ಕೆಲಸ ಮಾಡುತ್ತಿದ್ದೆ, ಈಗ ರಿಟೈರ್ಡ್.

ಸೀಮೆಸುಣ್ಣ ಅವರೇ, ಡಾಕ್ಟರಿಗೆ ತೋರಿಸುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಎದ್ದ ಮೇಲೆ ಬರೆಯಿರಿ: ದೀಪ ಆರಿಸಿದ್ದು ಎಷ್ಟಕ್ಕೆ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ, ಹಾಸಿಗೆ ಬಿಟ್ಟಿದ್ದು ಎಷ್ಟಕ್ಕೆ. ಹಗಲು ಮಲಗಿದ್ದು, ಕೊನೆಯ ಕಾಫಿ. ಅಂದಾಜು ಸಾಕು. ರಾತ್ರಿ ಗಡಿಯಾರ ನೋಡಬೇಡಿ, ಗೋಡೆಗೆ ತಿರುಗಿಸಿ ಇಡಿ. "ಈಗ ಮಲಗಿದರೆ ಇನ್ನು ನಾಲ್ಕು ತಾಸು" ಅಂತ ಲೆಕ್ಕ ಹಾಕುವವರಿಗೆ ನಿದ್ದೆ ಬಂದಿದ್ದನ್ನು ನಾನು ನೋಡಿಲ್ಲ.

ಸೀಮೆಸುಣ್ಣ (ಮೂರು ವಾರದ ನಂತರ)

ಎಲ್ಲರಿಗೂ ವರದಿ. ನೋಟ್‌ಬುಕ್ ಪ್ರಕಾರ ದಿನಾ ಹಾಸಿಗೆಯಲ್ಲಿ ಎಂಟೂವರೆ ಗಂಟೆ, ನಿದ್ದೆ ಸುಮಾರು ಐದು ಗಂಟೆ. ಅಂದರೆ 59 ಪರ್ಸೆಂಟ್. ನಮ್ಮ ಶಾಲೆಯಲ್ಲಿ ಪಾಸ್, ಆದರೆ ಡಾಕ್ಟರ್ ಕನಿಷ್ಠ 85 ಬೇಕು ಅಂದರು.

ಹಿಮೋಗ್ಲೋಬಿನ್ 12.1. ಥೈರಾಯ್ಡ್, ಶುಗರ್ ನಾರ್ಮಲ್. ಫೆರಿಟಿನ್ 11! ಡಾಕ್ಟರ್ ಮುಟ್ಟಿನ ಬಗ್ಗೆ ಕೇಳಿದರು. ಎರಡು ವರ್ಷದಿಂದ ಜಾಸ್ತಿ ಹೋಗುತ್ತಿದೆ, ವಯಸ್ಸು ಅಂತ ಸುಮ್ಮನಿದ್ದೆ. ಸ್ಕ್ಯಾನ್‌ಗೆ ಬರೆದಿದ್ದಾರೆ. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ನಿಂಬೆ ಶರಬತ್ತಿನ ಜೊತೆ. ಕಾಫಿ, ಟೀ, ಹಾಲಿನ ಜೊತೆ ಬೇಡ ಅಂದರು. ಹಳದಿ ಮಾತ್ರೆ ಬಂದ್.

ನಿದ್ದೆ ವಿಷಯಕ್ಕೆ ಅವರು ಕೊಟ್ಟ ಸಲಹೆ ಕೇಳಿ ಮನೆಯವರು ಬಿದ್ದು ಬಿದ್ದು ನಕ್ಕರು. ರಾತ್ರಿ 12.30ಕ್ಕೆ ಮುಂಚೆ ಹಾಸಿಗೆಗೆ ಹೋಗಬಾರದಂತೆ! ಆರಕ್ಕೆ ಏಳಬೇಕು, ಭಾನುವಾರವೂ. ನಿದ್ದೆ ಬರುತ್ತಿಲ್ಲ ಅಂತ ಹೋದವಳಿಗೆ ಮಲಗಬೇಡ ಅಂದ ಹಾಗಾಯಿತು. ಇದು ಸರಿಯಾ?

ಶಾಂತಕ್ಕ ಧಾರವಾಡ

ಸರಿ ಇದೆ, ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ. ನಿದ್ದೆಯ ಅಭ್ಯಾಸ, ಯೋಚನೆ ತಿದ್ದುವ ಸಿಬಿಟಿ-ಐ ಅನ್ನುವ ಚಿಕಿತ್ಸೆಯ ಒಂದು ತುಂಡು ಅದು. ದೀರ್ಘಕಾಲದ ನಿದ್ದೆ ತೊಂದರೆಗೆ ಮಾತ್ರೆಗಿಂತ ಮೊದಲು ಇದನ್ನೇ ಮಾಡಿ ಅಂತ ಅಮೆರಿಕದ ಫಿಸಿಷಿಯನ್‌ಗಳ ಕಾಲೇಜು 2016ರಲ್ಲೇ ಹೇಳಿದೆ. ನೀವು ಮಲಗುವುದು ಐದು ತಾಸು, ಹಾಸಿಗೆಗೆ ಕೊಡುತ್ತಿದ್ದದ್ದು ಎಂಟೂವರೆ. ಒಂದು ಸೌಟು ಹಿಟ್ಟನ್ನು ದೊಡ್ಡ ಕಾವಲಿ ತುಂಬ ಹರಡಿದರೆ ದೋಸೆ ತೂತಾಗುವುದಿಲ್ಲವೇ? ಮೊದಲು ಕಾವಲಿ ಚಿಕ್ಕದು ಮಾಡುವುದು. ಮಲಗಿದ್ದಷ್ಟು ಹೊತ್ತು ಗಟ್ಟಿ ನಿದ್ದೆ ಬರತೊಡಗಿದ ಮೇಲೆ ವಾರಕ್ಕೆ 15 ನಿಮಿಷ ಸೇರಿಸುತ್ತಾ ಬರುವುದು. ಐದು ಐದೂವರೆ ತಾಸಿಗಿಂತ ಕಡಿಮೆ ಯಾರಿಗೂ ಕೊಡುವುದಿಲ್ಲ.

12.30ಕ್ಕೆ ಮಲಗಿಯೂ ನಿದ್ದೆ ಬರದಿದ್ದರೆ, ಇಪ್ಪತ್ತು ನಿಮಿಷ ಆಯಿತೇನೋ ಅನಿಸಿದಾಗ ಎದ್ದು ಬೇರೆ ಕೋಣೆಗೆ ಹೋಗಿ. ಮಂದ ಬೆಳಕಲ್ಲಿ ಬಟ್ಟೆ ಮಡಚಿ, ಅವರೆಕಾಯಿ ಬಿಡಿಸಿ, ಏನಾದರೂ ಬೇಜಾರಿನ ಕೆಲಸ. ಕಣ್ಣು ಎಳೆಯತೊಡಗಿದರೆ ವಾಪಸ್. ಮೊದಲ ಹತ್ತು ದಿನ ಪ್ರಾಣ ಹೋದ ಹಾಗೆ ಆಗುತ್ತದೆ, ಬಹಳ ಜನ ಅಲ್ಲೇ ಬಿಟ್ಟು ಓಡುವುದು. ಸ್ಕೂಟರ್ ಓಡಿಸುತ್ತೀರಾ?

ಸೀಮೆಸುಣ್ಣ

ಹೂಂ, 14 ಕಿಲೋಮೀಟರ್, ಹೈವೇ.

ಶಾಂತಕ್ಕ ಧಾರವಾಡ

ಮೊದಲ ಎರಡು ಮೂರು ವಾರ ಬಸ್ಸಿಗೆ ಹೋಗಿ. ತಮಾಷೆಗೆ ಹೇಳುತ್ತಿಲ್ಲ.

ತಾಲೂಕು ಡಾಕ್ಟರ್

ಇದನ್ನು ಓದಿ ಉಳಿದವರು ತಾವಾಗಿಯೇ ಶುರು ಮಾಡಬೇಡಿ. ಫಿಟ್ಸ್ ಇರುವವರು, ಬೈಪೋಲಾರ್ ಇರುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು, ಲಾರಿ-ಬಸ್ ಓಡಿಸುವವರು ಕೇಳದೆ ನಿದ್ದೆ ಕಡಿತ ಮಾಡಿದರೆ ಅಪಾಯ. ಇನ್ನೊಂದು ಮಾತು, ಗಂಡಸರಿಗೆ ಅಥವಾ ಮುಟ್ಟು ನಿಂತವರಿಗೆ ಫೆರಿಟಿನ್ ಇಷ್ಟು ಕೆಳಗಿದ್ದರೆ ಕಬ್ಬಿಣ ಕೊಟ್ಟು ಸುಮ್ಮನಾಗಬಾರದು. ಹೊಟ್ಟೆ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ನೋಡಬೇಕು.

ಡಿಕಾಕ್ಷನ್ ಮೂರ್ತಿ

ನನ್ನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕಣ್ಣು ಮುಚ್ಚಿ ಮಲಗಿದ್ದರೆ ವಿಶ್ರಾಂತಿ ಸಿಗುವುದಿಲ್ಲವೇ? ನಮ್ಮ ಅಜ್ಜಿ ಹಾಗೇ ಮಲಗಿರುತ್ತಿದ್ದರು, 92 ಬದುಕಿದರು.

ಶಾಂತಕ್ಕ ಧಾರವಾಡ

ಅಜ್ಜಿಗೆ ನಿದ್ದೆ ಬರಲಿಲ್ಲ ಅಂತ ಸಿಟ್ಟು ಬರುತ್ತಿತ್ತೇ? ಬರದಿದ್ದರೆ ಅಡ್ಡಿಯಿಲ್ಲ, ಮಲಗಿರಲಿ. ಬೇಗೆ ಇಲ್ಲದೆ ಮಲಗಿರುವುದು ಬೇರೆ, ನಿದ್ದೆಗೆ ಕಾವಲು ಕಾಯುತ್ತಾ ಮಲಗುವುದು ಬೇರೆ.

ಸೀಮೆಸುಣ್ಣ (ಎರಡೂವರೆ ತಿಂಗಳ ನಂತರ)

ಯಾರೋ ಮೆಸೇಜ್ ಮಾಡಿ ಏನಾಯಿತು ಅಂತ ಕೇಳಿದರು, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ವಾರ ಅತ್ತಿದ್ದೇನೆ. ಹನ್ನೊಂದಕ್ಕೇ ಕಣ್ಣು ಎಳೆಯುತ್ತಿತ್ತು, ನಿಂತುಕೊಂಡೇ ಬಟ್ಟೆ ಮಡಚಿದೆ. ಐದು ತಿಂಗಳಲ್ಲಿ ಮೊದಲ ಸಲ ನಿದ್ದೆಯನ್ನು ನಾನು ತಡೆಯುತ್ತಿದ್ದೆ! ಎರಡನೇ ವಾರ ಐದೂವರೆ ಗಂಟೆಯಲ್ಲಿ 4 ಗಂಟೆ 50 ನಿಮಿಷ ಮಲಗಿದೆ, 88 ಪರ್ಸೆಂಟ್. ಆಮೇಲೆ 15 ನಿಮಿಷ ಬೋನಸ್. ಮಧ್ಯೆ ತಂಗಿಯ ಮನೆಯ ಗೃಹಪ್ರವೇಶ, ಪೇಪರ್ ತಿದ್ದುವುದು, ಎರಡು ವಾರ ಹಳ್ಳ ಹಿಡಿಯಿತು. ಈಗ 11.15ಕ್ಕೆ ಮಲಗಿ ಆರಕ್ಕೆ ಏಳುತ್ತೇನೆ. ನಿದ್ದೆ ಸುಮಾರು ಆರು ಗಂಟೆ. ಹತ್ತುವುದಕ್ಕೆ ಇಪ್ಪತ್ತು ನಿಮಿಷ. ಎಂಟು ಗಂಟೆ ಆಗಲೇಬೇಕು ಅನ್ನುವ ಹಟ ಬಿಟ್ಟಿದ್ದೇನೆ.

ಕಾಲಿನ ಕಾಟ ಪೂರ್ತಿ ಹೋಗಿಲ್ಲ. ಸುಮಾರು ಎರಡು ತಿಂಗಳ ಮಾತ್ರೆ ಆದ ಮೇಲೆ ಇರುವೆ ಕಮ್ಮಿಯಾದವು. ವಾರಕ್ಕೆ ಒಂದೆರಡು ರಾತ್ರಿ ಬರುತ್ತವೆ. ಫೆರಿಟಿನ್ 38ಕ್ಕೆ ಬಂದಿದೆ, ಮಾತ್ರೆ ಮುಂದುವರಿಸಿ ಅಂದಿದ್ದಾರೆ. ಸ್ಕ್ಯಾನಲ್ಲಿ ಚಿಕ್ಕ ಗಡ್ಡೆ ಕಂಡಿದೆ, ಫೈಬ್ರಾಯ್ಡ್, ಅದರ ಚಿಕಿತ್ಸೆ ಬೇರೆ ನಡೆಯುತ್ತಿದೆ. ನಿದ್ದೆ ಸುಧಾರಿಸಿದ್ದು ಕಬ್ಬಿಣದಿಂದಲೋ, 12.30ರಿಂದಲೋ, ಕಾಫಿ ಬಿಟ್ಟಿದ್ದರಿಂದಲೋ? ಮೂರೂ ಒಟ್ಟಿಗೆ ಮಾಡಿದ್ದರಿಂದ ಹೇಳುವುದು ಕಷ್ಟ.

ಡಿಕಾಕ್ಷನ್ ಮೂರ್ತಿ

ಕಾಫಿ ಮೇಡಂ, ಕಾಫಿ.

ತಾಲೂಕು ಡಾಕ್ಟರ್

ನನಗೆ ಕಾಲಿನ ಮೇಲೆ ಅನುಮಾನ. ಶಾಂತಕ್ಕ 12.30 ಅನ್ನುತ್ತಾರೆ, ಗೊತ್ತು.

ಬಯಲುಸೀಮೆ ಬಸ್ಯಾ

ಡಾಕ್ಟ್ರೇ, 0.5ರಿಂದ ಇಳಿಸುವುದಕ್ಕೆ ಮೊದಲ ಸಲ ಎಷ್ಟು ಕಮ್ಮಿ ಮಾಡುತ್ತಾರೆ? ಸುಮ್ನೆ ಕೇಳಿದೆ.

ತಾಲೂಕು ಡಾಕ್ಟರ್

ಸುಮ್ನೆ ಕೇಳಿದ್ದಕ್ಕೂ ಉತ್ತರ ಇದೆ. ಆದರೆ ನಿಮ್ಮ ಬಿಪಿ, ಕುಡಿತ, ಬೇರೆ ಮಾತ್ರೆ ಏನೂ ಗೊತ್ತಿಲ್ಲದೆ ಇಲ್ಲಿ ಅಂಕಿ ಹೇಳುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಓಪಿಡಿಗೆ ಬೆಳಿಗ್ಗೆ ಹೋಗಿ. ಮಾತ್ರೆಯ ಖಾಲಿ ಸ್ಟ್ರಿಪ್ ಜೇಬಿನಲ್ಲಿರಲಿ. ನಾಲ್ಕು ವರ್ಷ ಅನ್ನುವುದನ್ನು ಒಂದು ವರ್ಷ ಅಂತ ಕಮ್ಮಿ ಮಾಡಿ ಹೇಳಬೇಡಿ.

ಬಯಲುಸೀಮೆ ಬಸ್ಯಾ

ಸೋಮವಾರ ಅಂಗಡಿ ರಜೆ. ನೋಡೋಣ.